ಒಂದೇ ಮಿಡಿತದಲ್ಲಿ ಮೂವತ್ತೊಂದು ಮನೆ

ಇಂಟೆಲ್ ಕಂಪನಿಯ 8086 ಪ್ರೊಸೆಸರ್ 1978ರಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕೆ ಒಂದು ವಿಚಿತ್ರ ದೌರ್ಬಲ್ಯವಿತ್ತು. ರಿಜಿಸ್ಟರಿನಲ್ಲಿ ಕುಳಿತ 16 ಬಿಟ್‌ಗಳನ್ನು ಎಡಕ್ಕೋ ಬಲಕ್ಕೋ ಸರಿಸು ಎಂದು ಅದಕ್ಕೆ ಆದೇಶ ಕೊಡಬಹುದಿತ್ತು. ಎಷ್ಟು ಮನೆ ಸರಿಸಬೇಕು ಎಂಬ ಸಂಖ್ಯೆಯನ್ನು `CL` ಎಂಬ 8 ಬಿಟ್‌ಗಳ ಪುಟ್ಟ ರಿಜಿಸ್ಟರಿನಲ್ಲಿ ಇಡಬೇಕು. ಪ್ರೊಸೆಸರ್ ಈ ಕೆಲಸವನ್ನು ಒಂದೊಂದೇ ಮನೆಯಾಗಿ ಮಾಡುತ್ತಿತ್ತು: ಆರಂಭದ ಖರ್ಚು 8 ಕ್ಲಾಕ್, ಆಮೇಲೆ ಸರಿಸುವ ಪ್ರತಿ ಮನೆಗೆ 4 ಕ್ಲಾಕ್. ಹದಿನಾರು ಮನೆ ಸರಿಸಿದರೆ ಎಲ್ಲ ಬಿಟ್‌ಗಳೂ ಹೊರಗೆ ಬಿದ್ದು ಸೊನ್ನೆಯಷ್ಟೇ ಉಳಿಯುತ್ತದೆ. ಆದರೂ `CL`ನಲ್ಲಿ 255 ಇದ್ದರೆ ಅದು ತುಟಿಪಿಟಕ್ಕೆನ್ನದೆ 255 ಸಲವೂ ಸರಿಸುತ್ತಿತ್ತು. ಲೆಕ್ಕ ಹಾಕಿದರೆ ಒಟ್ಟು 1028 ಕ್ಲಾಕ್. 5 ಮೆಗಾಹರ್ಟ್ಸ್ ವೇಗದ ಚಿಪ್ಪಿನಲ್ಲಿ ಅದು 205 ಮೈಕ್ರೋಸೆಕೆಂಡಿಗೂ ಹೆಚ್ಚು. ಅಷ್ಟು ಹೊತ್ತು ಕೀಬೋರ್ಡ್ ಕರೆದರೂ ಟೈಮರ್ ಕರೆದರೂ ಪ್ರೊಸೆಸರ್ ಓಗೊಡುವಂತಿಲ್ಲ, ಯಾಕೆಂದರೆ ಹಿಡಿದ ಆದೇಶ ಮುಗಿಯುವವರೆಗೆ ಅದು ಇಂಥ ಕರೆಗಳಿಗೆ ಕಿವಿಗೊಡುವುದಿಲ್ಲ.

ಮುಂದೆ ಬಂದ 80286ರಲ್ಲಿ ಇಂಟೆಲ್ ಒಂದು ಕತ್ತರಿ ಹಾಕಿತು. ಸರಿಸುವ ಸಂಖ್ಯೆಯ ಕೊನೆಯ 5 ಬಿಟ್‌ಗಳನ್ನು ಮಾತ್ರ ನೋಡುವುದು, ಉಳಿದದ್ದನ್ನು ಕಡೆಗಣಿಸುವುದು. ಹಾಗಾಗಿ 31ಕ್ಕಿಂತ ಹೆಚ್ಚು ಮನೆ ಸರಿಸುವ ಮಾತೇ ಇಲ್ಲ. ಆದೇಶಕ್ಕೆ ತಗಲುವ ಗರಿಷ್ಠ ಸಮಯ ಕಡಿಮೆ ಮಾಡಲೆಂದೇ ಹೀಗೆ ಮಾಡಿದ್ದು ಎಂದು ಕಂಪನಿಯ ಕೈಪಿಡಿಯೂ ಹೇಳುತ್ತದೆ. ಇದು ಗಾಯಕ್ಕೆ ಕಟ್ಟಿದ ಪಟ್ಟಿ ಅಷ್ಟೆ. ನಿಜವಾದ ಮದ್ದು 1985ರ 80386ರಲ್ಲಿ ಬಂತು. ಅದರೊಳಗೆ ಬ್ಯಾರಲ್ ಶಿಫ್ಟರ್ ಎಂಬ ಮಂಡಲವಿತ್ತು. ರಿಜಿಸ್ಟರಿನಲ್ಲಿರುವ 32 ಬಿಟ್‌ಗಳ ಸಂಖ್ಯೆಯನ್ನು ಒಂದು ಮನೆ ಸರಿಸಿದರೂ 3 ಕ್ಲಾಕ್, 31 ಮನೆ ಸರಿಸಿದರೂ ಅದೇ 3 ಕ್ಲಾಕ್.

ಬಿಟ್‌ಗಳನ್ನು ಸರಿಸುವುದರಲ್ಲಿ ಅಂಥದ್ದೇನಿದೆ? ನಮ್ಮ ದಶಮಾನದಲ್ಲಿ ಅಂಕಿಗಳನ್ನು ಒಂದು ಸ್ಥಾನ ಎಡಕ್ಕೆ ಸರಿಸಿ ಸೊನ್ನೆ ಸೇರಿಸಿದರೆ ಸಂಖ್ಯೆ ಹತ್ತುಪಟ್ಟಾಗುತ್ತದೆ, ಕಂಪ್ಯೂಟರಿನ ದ್ವಿಮಾನದಲ್ಲಿ ಇಮ್ಮಡಿಯಾಗುತ್ತದೆ. ಬಲಕ್ಕೆ ಸರಿಸಿದರೆ ಅರ್ಧ. ಒಂದು ಬಣ್ಣದ ಕೆಂಪು, ಹಸಿರು, ನೀಲಿ ಅಂಶಗಳನ್ನು ಒಂದೇ ಸಂಖ್ಯೆಯೊಳಗೆ ಒತ್ತಾಗಿ ತುಂಬಿಟ್ಟಾಗ ಅವುಗಳನ್ನು ಬಿಡಿಸಿ ತೆಗೆಯಲು ಸರಿಸಬೇಕು. ತೆರೆಯ ಮೇಲೆ ಅಕ್ಷರ ಮೂಡಿಸಲೂ ಸರಿಸಬೇಕು. 1984ರ ಮ್ಯಾಕಿಂಟಾಷ್‌ನ ಕಪ್ಪುಬಿಳುಪು ತೆರೆಯಲ್ಲಿ ಒಂದು ಚುಕ್ಕೆಗೆ ಒಂದೇ ಬಿಟ್. ಮೆಮೊರಿಯಲ್ಲಿ ಚುಕ್ಕೆಗಳು ಹದಿನಾರರ ಗುಂಪುಗಳಾಗಿ ಕುಳಿತಿರುತ್ತವೆ. ಅಕ್ಷರವೋ ಗುಂಪಿನ ಗಡಿ ನೋಡಿಕೊಂಡು ಬರುವುದಿಲ್ಲ, ಸಾಲಿನಲ್ಲಿ ಎಲ್ಲಿ ಬೇಕಾದರೂ ಶುರುವಾದೀತು. ಹಾಗಾಗಿ ಅದರ ಒಂದೊಂದು ಅಡ್ಡಗೆರೆಯನ್ನೂ 0ರಿಂದ 15ರವರೆಗೆ ಎಷ್ಟೋ ಮನೆ ಸರಿಸಿಯೇ ಕೂರಿಸಬೇಕು. ಅದರೊಳಗಿದ್ದ ಮೊಟೊರೊಲಾ 68000 ಪ್ರೊಸೆಸರಿಗೆ 32 ಬಿಟ್‌ಗಳನ್ನು ಸರಿಸಲು 8 ಕ್ಲಾಕ್ ಮತ್ತು ಮನೆಗೆ ಎರಡರಂತೆ ಇನ್ನಷ್ಟು ಕ್ಲಾಕ್ ಬೇಕಿತ್ತು. 15 ಮನೆಗೆ 38 ಕ್ಲಾಕ್. ಅಕ್ಷರ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದರ ಮೇಲೆ ಬರೆಯುವ ವೇಗ ನಿಂತಿರುವುದು ತಮಾಷೆಯೇ ಸರಿ. ಮರುವರ್ಷ ಬಂದ ಕಮೊಡೋರ್ ಅಮಿಗಾ ಇದೇ 68000 ಪ್ರೊಸೆಸರನ್ನು ಇಟ್ಟುಕೊಂಡರೂ ಚಿತ್ರಗಳನ್ನು ನಕಲು ಮಾಡುವ ಕೆಲಸಕ್ಕೆ ಬ್ಲಿಟರ್ ಎಂಬ ಬೇರೆ ಘಟಕವನ್ನು ಇಟ್ಟಿತ್ತು. ಆ ಬ್ಲಿಟರಿನೊಳಗೆ 15 ಮನೆವರೆಗೆ ಸರಿಸಬಲ್ಲ ಬ್ಯಾರಲ್ ಶಿಫ್ಟರ್ ಇತ್ತು.

ಒಂದೊಂದೇ ಮನೆ ಸರಿಸುವ ಮಂಡಲ ಬಹಳ ಸರಳ. ಪ್ರತಿ ಬಿಟ್‌ಗೆ ಒಂದು ನೆನಪಿನ ಗೂಡು, ಪಕ್ಕದ ಗೂಡಿನಿಂದ ಅದಕ್ಕೊಂದು ತಂತಿ. ಕ್ಲಾಕ್ ಒಮ್ಮೆ ಮಿಡಿದರೆ ಎಲ್ಲರೂ ಏಕಕಾಲಕ್ಕೆ ಪಕ್ಕದ ಮನೆಗೆ ಹೋಗುತ್ತಾರೆ. ಎಷ್ಟು ಸಲ ಆಯಿತು ಎಂದು ಎಣಿಸಲು ಒಂದು ಚಿಕ್ಕ ಕೌಂಟರ್. ಟ್ರಾನ್ಸಿಸ್ಟರುಗಳೂ ಕಡಿಮೆ, ತಂತಿಗಳೂ ಮೊಟಕು.

ದುಂದುವೆಚ್ಚ ಆಗುವುದು ಸಮಯದಲ್ಲಿ. ಪ್ರೊಸೆಸರಿನಲ್ಲಿ ಎರಡು ಮಿಡಿತಗಳ ನಡುವಿನ ಅವಧಿಯನ್ನು ನಿರ್ಧರಿಸುವುದು ಅದರ ಅತಿ ನಿಧಾನದ ಕೆಲಸ. ಎರಡು 32 ಬಿಟ್ ಸಂಖ್ಯೆಗಳನ್ನು ಕೂಡುವುದು ಅಂಥದ್ದೊಂದು. ಕೂಡುವಾಗ ದಶಕ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಲುಪುವಷ್ಟು ಹೊತ್ತು ಮಿಡಿತ ಕಾಯಬೇಕು. ಪಕ್ಕದ ಮನೆಗೆ ಸರಿಯುವ ಬಿಟ್‌ಗೆ ಅಷ್ಟು ಹೊತ್ತು ಬೇಡವೇ ಬೇಡ. ಅದು ಅವಧಿಯ ಆರಂಭದಲ್ಲೇ ಸರಿದು ಉಳಿದ ಹೊತ್ತೆಲ್ಲ ಮುಂದಿನ ಮಿಡಿತಕ್ಕಾಗಿ ಸುಮ್ಮನೆ ಕೂರುತ್ತದೆ. ಹೀಗೆ ಮೂವತ್ತೊಂದು ಸಲ. ಬ್ಯಾರಲ್ ಶಿಫ್ಟರ್ ಮಾಡುವುದೇನೆಂದರೆ ವ್ಯರ್ಥವಾಗುತ್ತಿದ್ದ ಆ ಹೊತ್ತಿನೊಳಗೇ ಇಡೀ ಪ್ರಯಾಣ ಮುಗಿಸುವುದು.

ಅದರ ಉಪಾಯ ಹಳೆಯ ಕಾಲದ ದಿನಸಿ ಅಂಗಡಿಯವರಿಗೆ ಗೊತ್ತಿತ್ತು. ಚಟಾಕು, ಅರೆಪಾವು, ಪಾವು, ಅಚ್ಚೇರು, ಸೇರು: ಈ ಐದು ಅಳತೆಗಳಲ್ಲಿ ಪ್ರತಿಯೊಂದೂ ಹಿಂದಿನದರ ಇಮ್ಮಡಿ. ಚಟಾಕು ಒಂದಾದರೆ ಸೇರು ಹದಿನಾರು. ಪ್ರತಿ ಅಳತೆಯನ್ನು ಒಂದು ಸಲ ಬಳಸಿ ಇಲ್ಲವೇ ಬಿಟ್ಟು, 0ರಿಂದ 31 ಚಟಾಕಿನವರೆಗೆ ಯಾವ ಪ್ರಮಾಣವನ್ನಾದರೂ ಅಳೆದು ಕೊಡಬಹುದು. ಹದಿಮೂರು ಚಟಾಕು ಬೇಕೆಂದರೆ ಒಂದು ಅಚ್ಚೇರು, ಒಂದು ಪಾವು, ಒಂದು ಚಟಾಕು. ಚಟಾಕಿನಿಂದ ಹದಿಮೂರು ಸಲ ಸುರಿಯುತ್ತ ನಿಲ್ಲಬೇಕಿಲ್ಲ.

ಬ್ಯಾರಲ್ ಶಿಫ್ಟರಿನಲ್ಲಿ ಅಳತೆಗಳ ಜಾಗದಲ್ಲಿ ಪದರಗಳಿವೆ. ಒಂದು ಪದರ 16 ಮನೆ ಸರಿಸುತ್ತದೆ ಅಥವಾ ಇದ್ದ ಹಾಗೇ ಮುಂದೆ ಬಿಡುತ್ತದೆ, ಬೇರೇನೂ ಮಾಡಲಾರದು. ಅದರ ಮುಂದಿನದು 8, ಆಮೇಲಿನವು 4, 2, 1. ಪದರವನ್ನು ಕಟ್ಟುವ ಇಟ್ಟಿಗೆಯ ಹೆಸರು ಮಲ್ಟಿಪ್ಲೆಕ್ಸರ್, ಎಂಜಿನಿಯರುಗಳ ಬಾಯಲ್ಲಿ ಮಕ್ಸ್. ಅದಕ್ಕೆ ಎರಡು ಒಳದಾರಿ, ಒಂದು ಹೊರದಾರಿ, ಒಂದು ಆಯ್ಕೆಯ ತಂತಿ. ಆಯ್ಕೆಯ ತಂತಿಯಲ್ಲಿ 0 ಇದ್ದರೆ ಮೊದಲ ಒಳದಾರಿಯ ಬಿಟ್ ಹೊರಗೆ ಬರುತ್ತದೆ, 1 ಇದ್ದರೆ ಎರಡನೆಯದರದ್ದು. 16ರ ಪದರದಲ್ಲಿ ಪ್ರತಿ ಮನೆಗೂ ಒಂದು ಮಕ್ಸ್ ಇಟ್ಟು, ಮೊದಲ ಒಳದಾರಿಗೆ ಅದೇ ಮನೆಯ ಬಿಟ್ಟನ್ನೂ ಎರಡನೆಯದಕ್ಕೆ ಹದಿನಾರು ಮನೆ ಆಚೆಯ ಬಿಟ್ಟನ್ನೂ ಜೋಡಿಸಿದರೆ ಪದರ ಸಿದ್ಧ. ಆಚೆ ಮನೆಯೇ ಇಲ್ಲದ ಅಂಚಿನಲ್ಲಿ ಸೊನ್ನೆ ಜೋಡಿಸುತ್ತಾರೆ.

ಸೊಗಸು ಇರುವುದು ನಿಯಂತ್ರಣದಲ್ಲಿ. ಹದಿಮೂರನ್ನು ಎಂಟು, ನಾಲ್ಕು, ಒಂದಾಗಿ ಒಡೆಯುವ ಲೆಕ್ಕವನ್ನು ಯಾರು ಮಾಡಬೇಕು? ಯಾರೂ ಮಾಡಬೇಕಿಲ್ಲ. ಕಂಪ್ಯೂಟರಿನಲ್ಲಿ 13 ಇರುವುದೇ 01101 ಎಂಬ ರೂಪದಲ್ಲಿ, ಅಂದರೆ ಒಡೆದೇ ಇದೆ. ಎಡತುದಿಯ ಬಿಟ್ಟನ್ನು 16ರ ಪದರದ ಆಯ್ಕೆಯ ತಂತಿಗೆ, ಮುಂದಿನದನ್ನು 8ರ ಪದರಕ್ಕೆ, ಹೀಗೆ ಕಟ್ಟಿದರೆ ಮುಗಿಯಿತು. ಕೌಂಟರ್ ಇಲ್ಲ, ನಿಲ್ಲಿಸುವ ಹೊತ್ತು ನೋಡುವ ಕಾವಲುಗಾರನಿಲ್ಲ.

ಎಂಟು ಬಿಟ್‌ಗಳ ಚಿಕ್ಕ ಉದಾಹರಣೆಯನ್ನು ಕೈಯಲ್ಲೇ ಮಾಡಿ ನೋಡಬಹುದು. ಇದಕ್ಕೆ 4, 2, 1ರ ಮೂರೇ ಪದರ ಸಾಕು. ಬಿಟ್‌ಗಳು 10110010, ಎಡಕ್ಕೆ 5 ಮನೆ ಸುತ್ತಿಸಬೇಕು, ಅಂದರೆ ಎಡಗಡೆ ಹೊರಬಿದ್ದದ್ದು ಬಲಗಡೆಯಿಂದ ಒಳಗೆ ಬರಬೇಕು. ಐದು ಎಂದರೆ 101. ಮೊದಲ ಪದರದ ಆಯ್ಕೆ 1, ಆದ್ದರಿಂದ ಬಿಟ್‌ಗಳು ನಾಲ್ಕು ಮನೆ ಸುತ್ತಿ 00101011 ಆಗುತ್ತವೆ. ಎರಡನೆಯ ಪದರದ ಆಯ್ಕೆ 0, ಅದು ಮುಟ್ಟದೆ ಬಿಡುತ್ತದೆ. ಮೂರನೆಯದರ ಆಯ್ಕೆ 1, ಇನ್ನೊಂದು ಮನೆ ಸುತ್ತಿ 01010110. ತಾಳೆ ನೋಡಲು ಮೂಲದ ಎಡಗಡೆಯ ಐದು ಬಿಟ್‌ಗಳನ್ನು ಕತ್ತರಿಸಿ ಬಲತುದಿಗೆ ಅಂಟಿಸಿದರೆ ಸಾಕು: 010 ಮುಂದೆ, 10110 ಹಿಂದೆ. ಉತ್ತರ ಅದೇ. ಪದರಗಳ ಕ್ರಮವನ್ನು ಹಿಂದುಮುಂದು ಮಾಡಿ, ಮೊದಲು 1 ಆಮೇಲೆ 4 ಸರಿಸಿದರೂ ಉತ್ತರ ಬದಲಾಗುವುದಿಲ್ಲ. ಯಾವ ಪದರ ಮೊದಲು ಬರಬೇಕೆಂಬುದು ತಂತಿ ಎಳೆಯುವವರ ಅನುಕೂಲಕ್ಕೆ ಬಿಟ್ಟದ್ದು.

ಈಗ ಅಗಲದ ಪ್ರಶ್ನೆ. ಎಂಟು ಬಿಟ್‌ಗಳ ಲೋಕದಲ್ಲಿ ಒಂದೊಂದೇ ಮನೆ ಸರಿಸುವ ವಿಧಾನ ಅಷ್ಟೇನೂ ಕೆಟ್ಟದ್ದಲ್ಲ, ಹೆಚ್ಚೆಂದರೆ 7 ಹೆಜ್ಜೆ, ಎದುರಿಗೆ 3 ಪದರ. 32 ಬಿಟ್‌ಗೆ ಬಂದರೆ 31 ಹೆಜ್ಜೆಯ ಎದುರು 5 ಪದರ. 64ಕ್ಕೆ 63ರ ಎದುರು 6. ಅಗಲ ಇಮ್ಮಡಿಯಾದಾಗಲೆಲ್ಲ ಒಂದೊಂದೇ ಮನೆಯ ದಾರಿ ಇಮ್ಮಡಿ ಉದ್ದವಾಗುತ್ತದೆ, ಪದರಗಳ ದಾರಿಗೆ ಒಂದೇ ಒಂದು ಪದರ ಸೇರುತ್ತದೆ. ಅದೂ ಅಲ್ಲದೆ ಈ ಎರಡು ಸಂಖ್ಯೆಗಳ ಅಳತೆಗೋಲೇ ಬೇರೆ. 63 ಎಂಬುದು ಪೂರ್ತಿ ಮಿಡಿತಗಳ ಲೆಕ್ಕ, 6 ಎಂಬುದು ಒಂದೇ ಮಿಡಿತದೊಳಗಿನ ತುಣುಕುಗಳ ಲೆಕ್ಕ. ಮಿಡಿತದ ಅವಧಿ 1 ನ್ಯಾನೋಸೆಕೆಂಡ್, ಒಂದು ಮಕ್ಸ್ ದಾಟಲು ಅದರ ಹತ್ತನೇ ಒಂದು ಭಾಗ ಎಂದು ಇಟ್ಟುಕೊಳ್ಳೋಣ. ಆಗ 63 ಮನೆ ಸರಿಸಲು ಹಳೆಯ ವಿಧಾನಕ್ಕೆ 63 ನ್ಯಾನೋಸೆಕೆಂಡ್, ಪದರಗಳಿಗೆ 0.6. ನೂರು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ.

ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. 32 ಬಿಟ್‌ಗೆ ಐದು ಪದರ, ಪದರಕ್ಕೆ 32 ಮಕ್ಸ್, ಒಟ್ಟು 160. 64 ಬಿಟ್‌ಗೆ 384. ಮಕ್ಸ್‌ಗಳಿಗಿಂತ ಹೆಚ್ಚು ಕಾಟ ಕೊಡುವುದು ತಂತಿ. 1ರ ಪದರದಲ್ಲಿ ತಂತಿಗಳು ಪಕ್ಕದ ಮನೆಗಷ್ಟೇ ಹೋಗುತ್ತವೆ. 32ರ ಪದರದಲ್ಲಿ ಪ್ರತಿ ತಂತಿಯೂ ಇಡೀ ಸಾಲಿನ ಅರ್ಧ ದೂರ ಅಡ್ಡಲಾಗಿ ಓಡಬೇಕು, ಉಳಿದವನ್ನು ದಾಟಿಕೊಂಡು. ಅಷ್ಟುದ್ದದ ತಂತಿಯಲ್ಲಿ ಸಂಕೇತ ಏರಲು ಹೊತ್ತು ಹಿಡಿಯುತ್ತದೆ. ಜೊತೆಗೆ ಪದರದ ಒಂದೇ ಆಯ್ಕೆಯ ತಂತಿ 64 ಮಕ್ಸ್‌ಗಳನ್ನು ಒಟ್ಟಿಗೆ ತಿರುಗಿಸಬೇಕು, ಅದಕ್ಕೆ ಬಲ ತುಂಬುವ ಬಫರ್ ಬೇಕಾಗುತ್ತದೆ. ಮೇಲಿನ ಹತ್ತನೇ ಒಂದು ಭಾಗದ ಲೆಕ್ಕ ಹಾಗಾಗಿ ಎಲ್ಲ ಪದರಕ್ಕೂ ಒಂದೇ ಸಮನಾಗಿ ಅನ್ವಯಿಸದು.

ಪದರಗಳನ್ನು ಬಿಟ್ಟು ಇನ್ನೂ ನೇರವಾದ ದಾರಿಯೂ ಇದೆ. 32 ಒಳತಂತಿಗಳನ್ನು ಉದ್ದಕ್ಕೆ, 32 ಹೊರತಂತಿಗಳನ್ನು ಅಡ್ಡಕ್ಕೆ ಹಾಸಿ, ಅವು ಸಂಧಿಸುವ ಒಂದೊಂದು ಜಾಗದಲ್ಲೂ ಒಂದು ಟ್ರಾನ್ಸಿಸ್ಟರ್ ಸ್ವಿಚ್ ಇಡುವುದು. ಒಟ್ಟು 1024 ಸ್ವಿಚ್. ಬೇಕಾದ ಓರೆಸಾಲಿನ ಸ್ವಿಚ್‌ಗಳನ್ನು ಮಾತ್ರ ತೆರೆದರೆ ಬಿಟ್‌ಗಳು ಒಂದೇ ಸ್ವಿಚ್ ದಾಟಿ ಆಚೆ ಸೇರುತ್ತವೆ. ಬ್ರಿಟನ್ನಿನ ಏಕಾರ್ನ್ ಕಂಪನಿಯಲ್ಲಿ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ವಿನ್ಯಾಸ ಮಾಡಿದ, 1985ರಲ್ಲಿ ಕೆಲಸ ಶುರುಮಾಡಿದ ಮೊದಲ ARM ಚಿಪ್ಪಿನಲ್ಲಿ ಇಂಥದ್ದೇ ಶಿಫ್ಟರ್ ಇತ್ತು. ಇಡೀ ಚಿಪ್ಪಿನಲ್ಲಿದ್ದದ್ದೇ ಸುಮಾರು 25,000 ಟ್ರಾನ್ಸಿಸ್ಟರ್, ಅದರಲ್ಲಿ ಸಾವಿರಕ್ಕೂ ಹೆಚ್ಚನ್ನು ಇದಕ್ಕೆ ಕೊಟ್ಟದ್ದು ಧಾರಾಳವೆನಿಸಬಹುದು. ಆದರೆ ಅವರು ಶಿಫ್ಟರನ್ನು ಕೂಡುವ ಮಂಡಲದ ಬಾಗಿಲಲ್ಲೇ ನಿಲ್ಲಿಸಿದ್ದರು, ಸರಿಸುವುದೂ ಕೂಡುವುದೂ ಒಂದೇ ಮಿಡಿತದಲ್ಲಿ ಆಗಬೇಕಿತ್ತು. `ADD r0, r1, r1, LSL #2` ಎಂಬ ಒಂದೇ ಆದೇಶ `r1`ರ ನಾಲ್ಕುಪಟ್ಟಿಗೆ ಅದನ್ನೇ ಕೂಡಿ ಐದುಪಟ್ಟು ಮಾಡಿಕೊಡುತ್ತದೆ. ಅಗಲ ಹೆಚ್ಚಿದಂತೆ ಈ ಚೌಕಜಾಲ ದುಬಾರಿಯಾಗುತ್ತದೆ: 64 ಬಿಟ್‌ಗೆ 4096 ಸ್ವಿಚ್, ಒಂದೊಂದು ತಂತಿಯ ಮೇಲೂ 64 ಸ್ವಿಚ್‌ಗಳ ಹೊರೆ. ಮಕ್ಸ್ ಪದರಗಳ ವಿನ್ಯಾಸ ಇಲ್ಲಿ ಗೆಲ್ಲುತ್ತದೆ.

ಶಿಫ್ಟರಿಗೆ ಅತಿ ಹೆಚ್ಚು ದುಡಿಮೆ ಇರುವುದು ದಶಾಂಶ ಸಂಖ್ಯೆಗಳ ಲೆಕ್ಕದಲ್ಲಿ. 1000ಕ್ಕೆ 0.001 ಕೂಡಬೇಕು ಎನ್ನೋಣ. ಕಂಪ್ಯೂಟರ್ ಮೊದಲನೆಯದನ್ನು ಸುಮಾರು 1.953 ಗುಣಿಸು 2ರ ಘಾತ 9 ಎಂದೂ, ಎರಡನೆಯದನ್ನು 1.024 ಗುಣಿಸು 2ರ ಘಾತ ಮೈನಸ್ 10 ಎಂದೂ ಇಟ್ಟುಕೊಂಡಿರುತ್ತದೆ. ಕೂಡುವ ಮೊದಲು ಎರಡರ ಸ್ಥಾನಗಳೂ ಒಂದಕ್ಕೊಂದು ನೇರವಾಗಬೇಕು. ಘಾತಗಳ ಅಂತರ 19, ಆದ್ದರಿಂದ ಚಿಕ್ಕ ಸಂಖ್ಯೆಯನ್ನು 19 ಮನೆ ಬಲಕ್ಕೆ ಸರಿಸಬೇಕು. ಪದರಗಳಿಗೆ ಇದು 16, 2, 1. ಒಂದೊಂದೇ ಮನೆಯ ಯಂತ್ರಕ್ಕೆ ಕೂಡುವ ಮೊದಲೇ 19 ಮಿಡಿತ ವ್ಯರ್ಥ. ಡಬಲ್ ಎಂದು ಪ್ರೋಗ್ರಾಮರುಗಳು ಕರೆಯುವ ಸಂಖ್ಯೆಯಲ್ಲಿ ಇಂಥ 53 ಬಿಟ್‌ಗಳಿರುತ್ತವೆ. ಹತ್ತಿರ ಹತ್ತಿರದ ಎರಡು ಸಂಖ್ಯೆಗಳನ್ನು ಕಳೆದಾಗ ಮುಂದಿನ ಬಹುತೇಕ ಬಿಟ್‌ಗಳು ಸೊನ್ನೆಯಾಗಿ, ಉಳಿದದ್ದನ್ನು ಮತ್ತೆ ಎಡಕ್ಕೆ ಎಳೆದು ಕೂರಿಸಬೇಕು. ಮುಂದೆ ಎಷ್ಟು ಸೊನ್ನೆಗಳಿವೆ ಎಂದು ಒಂದು ಮಂಡಲ ಒಮ್ಮೆಲೇ ಎಣಿಸಿ, ಆ ಸಂಖ್ಯೆಯನ್ನು ನೇರವಾಗಿ ಪದರಗಳ ಆಯ್ಕೆಯ ತಂತಿಗಳಿಗೆ ಕೊಟ್ಟುಬಿಡುತ್ತದೆ.

ಎಡಕ್ಕೊಂದು ಬಲಕ್ಕೊಂದು ಎಂದು ಎರಡು ಶಿಫ್ಟರ್ ಕಟ್ಟುವ ಅಗತ್ಯವಿಲ್ಲ. ಮೊದಲ ಪದರಕ್ಕೂ ಮುಂಚೆ ಬಿಟ್‌ಗಳನ್ನು ಹಿಂದುಮುಂದಾಗಿಸುವ ಒಂದು ಮಕ್ಸ್ ಪದರ, ಕೊನೆಯಲ್ಲಿ ಮತ್ತೆ ಹಿಂದುಮುಂದಾಗಿಸುವ ಇನ್ನೊಂದು ಪದರ ಹಾಕಿದರೆ ಬಲಕ್ಕೆ ಸರಿಸುವ ಮಂಡಲವೇ ಎಡಕ್ಕೂ ದುಡಿಯುತ್ತದೆ. ಋಣ ಸಂಖ್ಯೆಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಬಲಕ್ಕೆ ಸರಿಸಿದಾಗ ಖಾಲಿಯಾದ ಎಡಮನೆಗಳಿಗೆ ಸೊನ್ನೆಯ ಬದಲು ಚಿಹ್ನೆಯ ಬಿಟ್ಟನ್ನು ತುಂಬಬೇಕು. 32 ಬಿಟ್‌ಗಳಲ್ಲಿ ಬರೆದ -8ನ್ನು ಒಂದು ಮನೆ ಬಲಕ್ಕೆ ಸರಿಸಿದರೆ -4 ಬರಬೇಕು. 2147483644 ಬಂದರೆ ಸೊನ್ನೆ ತುಂಬಿದ್ದಾರೆ ಎಂದೇ ತಿಳಿಯಬೇಕು.

ಪದರಗಳ ತಪ್ಪುಗಳಿಗೆ ಇನ್ನೂ ಒಳ್ಳೆಯ ಗುಣವೊಂದಿದೆ, ಅವು ತಮ್ಮ ವಿಳಾಸ ತಾವೇ ಹೇಳುತ್ತವೆ. ವಿನ್ಯಾಸ ಬರೆಯುವಾಗ 4ರ ಪದರದ ತಂತಿಗಳನ್ನು ಕಣ್ತಪ್ಪಿನಿಂದ ಮೂರು ಮನೆ ಆಚೆಗೆ ಜೋಡಿಸಿದರು ಎನ್ನೋಣ. 0ರಿಂದ 3 ಮನೆವರೆಗೆ ಸರಿಸಿ ನೋಡಿದವರಿಗೆ ಎಲ್ಲವೂ ಸರಿ ಕಾಣುತ್ತದೆ, 8, 16ಕ್ಕೂ ಸರಿ. ತಪ್ಪುವುದು 4ರಿಂದ 7, 12ರಿಂದ 15, 20ರಿಂದ 23, 28ರಿಂದ 31. ಪ್ರತಿ ಸಲವೂ ಸರಿಯಾಗಿ ಒಂದು ಮನೆ ಕಡಿಮೆ. ಈ ನಾಲ್ಕು ಗುಂಪುಗಳನ್ನು ಕಂಡ ಕೂಡಲೇ ಅನುಭವಿಗಳು 4ರ ಪದರವನ್ನು ತೆರೆದು ನೋಡುತ್ತಾರೆ. ಪರೀಕ್ಷೆಯ ವಿಧಾನವೂ ಸರಳ: ಒಂದೇ ಒಂದು 1, ಉಳಿದೆಲ್ಲ 0 ಇರುವ ಸಂಖ್ಯೆ ಕೊಟ್ಟು, 32 ಪ್ರಮಾಣಗಳಲ್ಲೂ ಸರಿಸಿ, ಆ 1 ಎಲ್ಲಿ ಎದ್ದಿತು ಎಂದು ನೋಡುವುದು. ಆ 1ನ್ನು ಒಂದೊಂದು ಮನೆಯಲ್ಲೂ ಇಟ್ಟು ಪರೀಕ್ಷಿಸಿದರೂ 1024 ಸಲ ಆಯಿತು, ಕಂಪ್ಯೂಟರಿಗೆ ಅದು ಲೆಕ್ಕಕ್ಕೇ ಇಲ್ಲ.

ತಂತಿಗಳೆಲ್ಲ ಸರಿಯಿದ್ದೂ ಪ್ರೋಗ್ರಾಮರುಗಳನ್ನು ಬೀಳಿಸುವ ಗುಂಡಿ 32 ಎಂಬ ಸಂಖ್ಯೆಯಲ್ಲಿದೆ. ಐದು ಆಯ್ಕೆಯ ತಂತಿಗಳಲ್ಲಿ 32ನ್ನು ಬರೆಯಲಾಗದು, ಅದಕ್ಕೆ ಆರನೆಯ ಬಿಟ್ ಬೇಕು. ಇಂಟೆಲ್‌ನ 32 ಬಿಟ್ ಆದೇಶ ಆ ಆರನೆಯದನ್ನು ನೋಡುವುದೇ ಇಲ್ಲ, ಹಾಗಾಗಿ 1ನ್ನು 32 ಮನೆ ಎಡಕ್ಕೆ ಸರಿಸಿದರೆ 1 ಆಗಿಯೇ ಉಳಿಯುತ್ತದೆ. 32 ಬಿಟ್ ARMನಲ್ಲಿ ಸರಿಸುವ ಸಂಖ್ಯೆ ರಿಜಿಸ್ಟರಿನಲ್ಲಿದ್ದರೆ ಅದರ ಕೊನೆಯ 8 ಬಿಟ್‌ಗಳನ್ನು ನೋಡುತ್ತದೆ, ಉತ್ತರ 0. ಸಿ ಭಾಷೆ ಇಂಥ ಸರಿಕೆಗೆ ಯಾವ ಅರ್ಥವನ್ನೂ ಕೊಡದೆ ಕೈತೊಳೆದುಕೊಂಡಿದೆ. ಒಂದು ಯಂತ್ರದಲ್ಲಿ ವರ್ಷಗಟ್ಟಲೆ ಸರಿಯಾಗಿ ಓಡಿದ ಪ್ರೋಗ್ರಾಂ ಇನ್ನೊಂದಕ್ಕೆ ಹೋದಾಗ ಎಡವಲು ಇಷ್ಟು ಸಾಕು.

ಬ್ಯಾರಲ್ ಶಿಫ್ಟರ್ ಇಲ್ಲದ ಪ್ರೊಸೆಸರ್ ಇಂದಿಗೂ ಲಕ್ಷಾಂತರ ಹವ್ಯಾಸಿಗಳ ಮೇಜಿನ ಮೇಲಿದೆ. ಆರ್ಡುಯಿನೊ ಊನೊ ಹಲಗೆಯ ATmega328P ಎಂಟು ಬಿಟ್‌ಗಳ ಚಿಪ್, ಅದಕ್ಕೆ ಗೊತ್ತಿರುವುದು ಒಂದೇ ಮನೆ ಸರಿಸಲು. ಪ್ರೋಗ್ರಾಮಿನಲ್ಲಿ 32 ಬಿಟ್ ಸಂಖ್ಯೆಗೆ `x << n` ಎಂದು ಬರೆದರೆ ಕಂಪೈಲರ್ ಅದನ್ನು ಒಂದು ಸುತ್ತಾಗಿ ಬಿಡಿಸುತ್ತದೆ: ನಾಲ್ಕು ಬೈಟ್‌ಗಳನ್ನು ಒಂದು ಮನೆ ಸರಿಸಲು 4 ಮಿಡಿತ, ಎಣಿಸಿ ಹಿಂದಿರುಗಲು 3. ಮೂವತ್ತೊಂದು ಮನೆಗೆ ಸುಮಾರು 217 ಮಿಡಿತ. 16 ಮೆಗಾಹರ್ಟ್ಸ್‌ನಲ್ಲಿ ಅದು 13 ಮೈಕ್ರೋಸೆಕೆಂಡಿಗಿಂತ ಹೆಚ್ಚು. ದೀಪ ಮಿನುಗಿಸುವವರಿಗೆ ಇದು ಗೊತ್ತೇ ಆಗುವುದಿಲ್ಲ. ವೇಗದ ಸಂಕೇತ ಹಿಡಿಯಲು ಹೊರಟವರಿಗೆ ಮಾತ್ರ ಒಂದು ಪುಟ್ಟ `<<` ಚಿಹ್ನೆಯ ಹಿಂದೆ ಇಷ್ಟು ಹೊತ್ತು ಹೋಗುತ್ತಿದೆ ಎಂದು ಆಮೇಲೆ ತಿಳಿಯುತ್ತದೆ.

ಎರಡರ ನಡುವೆ ರಾಜಿ ಮಾಡಿಕೊಂಡವರೂ ಇದ್ದಾರೆ. ಯಾರು ಬೇಕಾದರೂ ತೆಗೆದು ಬಳಸಬಹುದಾದ PicoRV32 ಎಂಬ ಪುಟ್ಟ ರಿಸ್ಕ್-ಫೈವ್ ಪ್ರೊಸೆಸರಿನ ಗುರಿ ಆದಷ್ಟು ಕಡಿಮೆ ಜಾಗ. ಅದು ಸಾಮಾನ್ಯವಾಗಿ ಮೊದಲು ನಾಲ್ಕು ನಾಲ್ಕು ಮನೆ ಸರಿಸಿ, ಉಳಿದದ್ದನ್ನು ಒಂದೊಂದಾಗಿ ಮುಗಿಸುತ್ತದೆ. ಮೂವತ್ತೊಂದು ಮನೆಗೆ ಏಳು ನಾಲ್ಕುಗಳು, ಮೂರು ಒಂದುಗಳು, ಒಟ್ಟು ಹತ್ತು ಹೆಜ್ಜೆ. ಅಷ್ಟೂ ಕಾಯಲಾರದವರು ವಿನ್ಯಾಸದಲ್ಲಿ `BARREL_SHIFTER` ಎಂಬ ಒಂದು ಆಯ್ಕೆಯನ್ನು 0ಯಿಂದ 1ಕ್ಕೆ ಬದಲಿಸಿದರೆ, ಚಿಪ್ಪಿನಲ್ಲಿ ಇನ್ನಷ್ಟು ಜಾಗ ತೆತ್ತು ಪೂರ್ತಿ ಶಿಫ್ಟರನ್ನೇ ಪಡೆಯಬಹುದು.